‘ಕುಣಿಮಗ್ಗದ ಮನಿ’ ಓದೂಕಿಂತ ಮೊದಲ

ನಮಸ್ಕಾರ್ರೀ. ಇದು ನನ್ನ ಹೊಸ ಕಾದಂಬರಿ, ‘ಕುಣಿಮಗ್ಗದ ಮನಿ’. 184 ಪುಟ ಐತಿ. ಇದರಾಗ ಏನೈತಿ, ಏನಿಲ್ಲ ಅಂತ ಹೇಳ್ತೀನಿ. ಕಥಿ ಮಾತ್ರ 20ನೇ ಪುಟದ ತನಕದ್ದಷ್ಟ ಹೇಳ್ತೀನಿ.

ನಡಿಯೂದು ಇಳಕಲ್ಲಿನ ಒಂದು ನೇಕಾರರ ಮನ್ಯಾಗ, 1980ರ ಸುಮಾರಿಗೆ. ನೆಲದಾಗ ಕುಣಿ ತೋಡಿ ಕೂಡಿಸಿದ ಎರಡು ಮಗ್ಗ. ಅತ್ತಿ, ಇಬ್ಬರು ಗಂಡಮಕ್ಕಳು, ಹಿರೇ ಸೊಸಿ. ಮದುವಿ ಮನಿಯವರು ಐದು ಸೀರಿ ಹೇಳಿರ್ತಾರ, ನಾಕು ಮುಗದಿರ್ತಾವ. ಐದನೇದಕ್ಕ ಕೊಂಡಿ ಹಾಕೂ ಹೊತ್ತಿಗೆ ನೋಡಿದ್ರ, ಸೆರಗಿನ ರೇಷ್ಮಿ ಹಾಸು ಯಾರೋ ಕತ್ತರಿಸಿರ್ತಾರ. ಕಥಿ ಇಲ್ಲಿಗೆ ನಿಲ್ಲಸ್ತೀನಿ.

ನೇಕಾರಿಕಿ ಗೊತ್ತಿಲ್ಲದವರಿಗೆ ಒಂದು ಮಾತು. ಹಾಸು ಅಂದ್ರ ಮಗ್ಗದ ಮ್ಯಾಲೆ ಉದ್ದಕ್ಕ ಬಿಗದ ಎಳಿ. ಇಳಕಲ್ ಸೀರಿಗೆ ಒಡಲಿನ ಹಾಸು ಬ್ಯಾರೆ, ಸೆರಗಿನ ಹಾಸು ಬ್ಯಾರೆ. ಎಳಿಗೆ ಎಳಿ ಕುಣಿಕಿ ಹಾಕಿ ಕೈಲೆ ಎರಡನ್ನೂ ಜೋಡಸ್ತಾರ, ಅದಕ್ಕ ಕೊಂಡಿ ಅಂತಾರ. ಕುಣಿಕಿ ಸಡಲಾದ್ರ ಆ ಎಳಿ ಜೋಲ್ತೈತಿ, ಬಾಳ ಬಿಗದ್ರ ಹರಿತೈತಿ. ಒಂದೊಂದು ಸೀರಿಗೂ ಹಿಂಗ ಬ್ಯಾರೆ ಬ್ಯಾರೆ ಕೂಡಿಸಬೇಕು. ಹಂಗಾಗಿ ಸೆರಗಿನ ಹಾಸು ಹೋತಂದ್ರ ಒಡಲೂ ಮಗ್ಗದ ಮ್ಯಾಲೆ ಹಂಗ ಕೂಡ್ತೈತಿ. ಇಷ್ಟು ತಿಳದ್ರ ಆ ಮನಿ ಗಾಬರಿ ಯಾಕಂತ ಗೊತ್ತಾಗ್ತೈತಿ.

11ನೇ ಪುಟದಿಂದ ನಾಕು ಸಾಲು ಓದ್ತೀನಿ:

“ಅತ್ತೆ ಕಂದೀಲನ್ನು ಹತ್ತಿರ ತಂದಳು. ಕೆಂಪು ಎಳೆಗಳ ತುದಿ ಒಂದೇ ಸಮನಾಗಿದ್ದವು. ‘ಇಲಿ ಕಡದ್ರ ತುದಿ ಹಿಂಗ ಇರೂದಿಲ್ಲ’ ಅಂದಳು. ಕಿರಿಯವನು ಕುಣಿಯಿಂದ ಕಾಲು ಮೇಲೆ ತೆಗೆದುಕೊಂಡ.”

ಪುಸ್ತಕದ ಭಾಷಾ ಹಿಂಗ. ನಿರೂಪಣಿ ಬರವಣಿಗಿ ಕನ್ನಡದಾಗ, ಮಾತೆಲ್ಲಾ ನಮ್ಮ ಕಡಿದು. ಗೋಮಿ, ಚಿಕ್ಕಿ ಅಂತ ದಡಿಗಳ ಹೆಸರು ಬರ್ತಾವ. ಅರ್ಥದ ಪಟ್ಟಿ ಕೊಟ್ಟಿಲ್ಲ, ಮೊದಲನೇ ಪುಟದಾಗ ಮಗ್ಗದ ಒಂದು ಚಿತ್ರ ಐತಿ.

ಇದು ಪತ್ತೇದಾರಿ ಕಾದಂಬರಿ ಅಲ್ರಿ. ಕತ್ತರಿಸಿದವರು ಯಾರು ಅನ್ನೂದಕ್ಕಿಂತ, ಆ ಒಂದು ವಾರ ಮನಿಯವರು ಒಬ್ಬರನ್ನೊಬ್ಬರು ಹೆಂಗ ನೋಡ್ತಾರ ಅನ್ನೂದರ ಮ್ಯಾಲೆ ನನ್ನ ಲಕ್ಷ್ಯ. ಲಗೂ ಲಗೂ ಓಡೂ ಕಥಿ ಬೇಕಾದವರಿಗೆ ಮೂರನೇ ಅಧ್ಯಾಯ ನಿಧಾನ ಅನಸ್ತೈತಿ. ಹದಿನಾಕು ಪುಟ ಬರೇ ಹಾಸು ಹಾಕೂ ಕೆಲಸ. ಆದ್ರೂ ಅದನ್ನ ಬಿಟ್ಟು ಮುಂದ ಹೋಗಬ್ಯಾಡ್ರಿ. ಯಾರ ಕೆಲಸಕ್ಕ ಎಷ್ಟು ಕೂಲಿ ಅನ್ನೂದು ಅಲ್ಲೇ ಬರ್ತೈತಿ. ಅದು ಗೊತ್ತಿಲ್ಲಂದ್ರ ಆಮ್ಯಾಗ ಆಗೂ ಜಗಳ ಅರ್ಥ ಆಗೂದಿಲ್ಲ. ಹೆಣ್ಣಮಗಳನ್ನ ಹೊಡಿಯೂ ಒಂದು ಪ್ರಸಂಗನೂ ಐತಿ, ಸಣ್ಣ ಮಕ್ಕಳ ಕೈಯಾಗ ಕೊಡೂ ಮುಂದ ನೆನಪಿರ್ಲಿ.

ಪರಿವಿಡಿಯೊಳಗ ಅಧ್ಯಾಯಕ್ಕ ಹೆಸರಿಟ್ಟಿಲ್ಲ, ಬರೇ ಅಂಕಿ. ಹೆಸರು ಓದಿದ್ರ ಕಥಿ ಬಿಚ್ಚಕೋತಿತ್ತು. ಓದಿದವರು ಹಿಡಿಸಿದ್ದು, ಹಿಡಿಸಲಾರದ್ದು ಎರಡೂ ಕೆಳಗ ಬರೀರಿ, ಕತ್ತರಿಸಿದವರ ಹೆಸರೊಂದು ಬ್ಯಾಡ. ಬೆಲಿ 220 ರೂಪಾಯಿ. ಬಾಗಲಕೋಟಿ, ಇಳಕಲ್, ವಿಜಯಪುರದ ಪುಸ್ತಕದ ಅಂಗಡಿಯೊಳಗ ಸಿಗ್ತೈತಿ. ಅಂಚಿಯಿಂದ ತರಿಸೂದಿದ್ರ ವಿಡಿಯೊದ ಕೆಳಗ ಲಿಂಕ್ ಹಾಕೀನಿ.