ಕೈಬರಹದ ಪ್ರಶ್ನೆಪತ್ರಿಕೆಯಿಂದ ವರ್ಕ್‌ಶೀಟ್: ಫೋನ್ ಒಂದಿದ್ದರೆ ಸಾಕು

ಮೇಡಂ, ನೀವು ಕಳಿಸಿದ ನಾಲ್ಕನೇ ಕ್ಲಾಸಿನ ಗಣಿತದ ಪ್ರಶ್ನೆಪತ್ರಿಕೆ ನೋಡಿದೆ. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ.

ಫೋಟೋ ತೆಗೆದು ಅದರಿಂದ ಅಕ್ಷರ ಎತ್ತುವ ಆಸೆ ಬಿಡಿ. ಅಚ್ಚಾದ ಕನ್ನಡವಾದರೆ ಪರವಾಗಿಲ್ಲ, ನಮ್ಮ ಕೈಬರಹಕ್ಕೆ ಒತ್ತಕ್ಷರವೆಲ್ಲ ಕಲಸಿಹೋಗುತ್ತದೆ, ತಿದ್ದುವಷ್ಟರಲ್ಲಿ ಎರಡು ಸಲ ಬರೆದಿರಬಹುದು. ಅದಕ್ಕಿಂತ ಓದಿ ಹೇಳುವುದೇ ಬೇಗ.

ಫೋನಿನಲ್ಲಿ Google Docs ತೆರೆದು ಹೊಸ ಹಾಳೆ ತೆಗೆಯಿರಿ. ಮೂರು ಚುಕ್ಕಿ ಒತ್ತಿ Page setup ಒಳಗೆ A4 ಆರಿಸಿ. Gboard ಕೀಬೋರ್ಡಿಗೆ ಕನ್ನಡ ಸೇರಿಸಿಕೊಂಡು, ಮೈಕ್ ಒತ್ತಿ, ಮಕ್ಕಳಿಗೆ ಉಕ್ತಲೇಖನ ಕೊಡುವ ಹಾಗೆ ನಿಧಾನವಾಗಿ ಓದಿ. ಒಂದು ಪ್ರಶ್ನೆ ಮುಗಿದ ಮೇಲೆ ನಿಲ್ಲಿಸಿ, ಪ್ರಶ್ನಾರ್ಥಕ ಚಿಹ್ನೆ ಕೈಯಿಂದ ಹಾಕಿ. ಅಂಕಿಗಳನ್ನು ಮಾತ್ರ ಬಾಯಿಂದ ಹೇಳಬೇಡಿ, ಟೈಪ್ ಮಾಡಿ. 305 ಹೋಗಿ 350 ಆದರೆ ಇಡೀ ಲೆಕ್ಕ ಹಾಳು, ಅಲ್ವಾ?

ಅಕ್ಷರ 16 ಸೈಜ್ ಇರಲಿ. ಉತ್ತರಕ್ಕೆ ಜಾಗ ಧಾರಾಳವಾಗಿ ಬಿಡಿ, ಇಲ್ಲದಿದ್ದರೆ ಅದು ಮತ್ತೆ ಪ್ರಶ್ನೆಪತ್ರಿಕೆಯೇ, ವರ್ಕ್‌ಶೀಟ್ ಅಲ್ಲ. ಬಿಟ್ಟ ಸ್ಥಳಕ್ಕೆ ಕೆಳಗೆರೆ ಒತ್ತಿ, ಹತ್ತು ಹನ್ನೆರಡಾದರೂ ಇರಲಿ:

```
7 × 8 = ____________
```

'ಹೊಂದಿಸಿ ಬರೆಯಿರಿ'ಗೆ ಸ್ಪೇಸ್ ಒತ್ತಿ ಒತ್ತಿ ಸಾಲು ಕೂಡಿಸಲು ಹೋಗಬೇಡಿ. ನಾನು ವರ್ಷಗಟ್ಟಲೆ ಹಾಗೇ ಮಾಡಿದೆ, ಪ್ರಿಂಟ್ ತೆಗೆದಾಗೆಲ್ಲ ಸೊಟ್ಟ. ಮೇಲಿನ + ಒತ್ತಿ Table ಹಾಕಿ. ಎಡಗಡೆ ಅ ಪಟ್ಟಿ, ಬಲಗಡೆ ಬ ಪಟ್ಟಿ, ಗೆರೆ ಎಳೆಯುವುದಕ್ಕೆ ನಡುವೆ ಒಂದು ಖಾಲಿ ಕಾಲಂ.

ನಿಮ್ಮ ಐದನೇ ಪ್ರಶ್ನೆಯ ಗಡಿಯಾರ, ಆರನೆಯದರ ಭಿನ್ನರಾಶಿ ಚಿತ್ರ? ಅದಕ್ಕೆ ಫೋನಿನಲ್ಲಿ ಸುಮ್ನೆ ಒದ್ದಾಡಬೇಡಿ. ಜಾಗ ಬಿಟ್ಟು ಒಂದು ಪ್ರತಿ ಪ್ರಿಂಟ್ ತೆಗೆಸಿ, ಅದರ ಮೇಲೆ ಕಪ್ಪು ಪೆನ್ನಿನಿಂದ ನೀವೇ ಬಿಡಿಸಿ, ಆಮೇಲೆ 28 ಜೆರಾಕ್ಸ್. ಮಕ್ಕಳಿಗೆ ಮೇಡಂ ಬಿಡಿಸಿದ ಗಡಿಯಾರವೇ ಇಷ್ಟ.

ಅಂಗಡಿಗೆ ಕಳಿಸುವಾಗ ಫೈಲನ್ನು ಹಾಗೇ ಕಳಿಸಬೇಡಿ. Share & export, ಆಮೇಲೆ Save as ಒತ್ತಿ PDF ಮಾಡಿ, ಅದನ್ನು ವಾಟ್ಸಾಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ. ಪಿಡಿಎಫ್ ಒಳಗೆ ಅಕ್ಷರದ ಆಕಾರವೂ ಸೇರಿರುವುದರಿಂದ ಅಂಗಡಿಯವರ ಕಂಪ್ಯೂಟರಿನಲ್ಲಿ ಕನ್ನಡ ಫಾಂಟ್ ಇಲ್ಲದಿದ್ದರೂ ಒತ್ತು ಚದುರುವುದಿಲ್ಲ.

ಹಳೆಯ ನುಡಿ ಫೈಲ್ ಯಾರಾದರೂ ಕೊಟ್ಟು, ಫೋನಿನಲ್ಲಿ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರ ಕಂಡರೆ ಹೆದರಬೇಡಿ. ಫೈಲ್ ಕೆಟ್ಟಿಲ್ಲ, ಅದು ಫೋನಿಗೆ ಅರ್ಥವಾಗುವ ಯೂನಿಕೋಡ್ ಅಕ್ಷರ ಅಲ್ಲ ಅಷ್ಟೇ. ನುಡಿ ತಂತ್ರಾಂಶ ಇರುವ ಕಂಪ್ಯೂಟರಿನಲ್ಲಿ ಯೂನಿಕೋಡಿಗೆ ಬದಲಾಯಿಸಿಕೊಂಡರೆ ಮತ್ತೆ ಟೈಪ್ ಮಾಡುವ ಕೆಲಸ ತಪ್ಪುತ್ತದೆ.

ಮುಂದಿನ ಪಾಠಕ್ಕೆ ಇದೇ ಫೈಲ್ ತೆರೆದು Make a copy ಒತ್ತಿ ಪ್ರಶ್ನೆ ಮಾತ್ರ ಬದಲಿಸಿ. ಮೇಲಿನ ಹೆಸರು, ತರಗತಿ, ದಿನಾಂಕದ ಸಾಲು ಹಾಗೇ ಇರುತ್ತದೆ.