ಸಂಪಳತೆ: ಎರಡು ನಿಮಿಷದ ಪಿಚ್ ವಿಡಿಯೋ, ಶೂಟಿಂಗ್ ಸ್ಕ್ರಿಪ್ಟ್

ಸಮಸ್ಯೆ (0:00–0:28)

*ದೃಶ್ಯ: ರಾತ್ರಿ, ಹೊರಮಾವಿನ ಒಂದು ಅಡ್ಡರಸ್ತೆ. ಟ್ಯಾಂಕರ್ ಪೈಪು ಸಂಪಿನ ಬಾಯಿಗೆ ಇಳಿದಿದೆ. ಮೊದಲ ಮೂರು ಸೆಕೆಂಡು ನೀರಿನ ಸದ್ದು ಮಾತ್ರ. ಹಿನ್ನೆಲೆ ಸಂಗೀತ ಎಲ್ಲೂ ಬೇಡ. ಟ್ಯಾಂಕರ್ ನಂಬರ್ ಪ್ಲೇಟ್ ಕಾಣಬಾರದು.*

ಈ ಟ್ಯಾಂಕರ್‌ನಲ್ಲಿ 6,000 ಲೀಟರ್ ಇದೆಯಂತೆ. ಅಳೆದವರು ಯಾರು? ಯಾರೂ ಇಲ್ಲ.

2024ರ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದಾಗ ಜಿಲ್ಲಾಡಳಿತ ಟ್ಯಾಂಕರ್‌ಗೆ ದರ ಕಟ್ಟಿತು. 5 ಕಿಲೋಮೀಟರ್ ಒಳಗೆ 6,000 ಲೀಟರ್‌ಗೆ 600 ರೂಪಾಯಿ. ರೂಪಾಯಿ ಲೆಕ್ಕ ಸಿಕ್ಕಿತು, ಲೀಟರ್ ಲೆಕ್ಕ ಸಿಗಲಿಲ್ಲ. ಪೆಟ್ರೋಲ್ ಬಂಕ್‌ನಲ್ಲಿ ಸೊನ್ನೆ ನೋಡಿಕೊಂಡೇ ಹಾಕಿಸುತ್ತೇವೆ. ನೀರಿಗೆ ಮಾತ್ರ ಡ್ರೈವರ್ ಹೇಳಿದ್ದೇ ಲೆಕ್ಕ.

ಟ್ಯಾಂಕರ್‌ನವರೆಲ್ಲ ಮೋಸ ಮಾಡುತ್ತಾರೆ ಅಂತಲ್ಲ. ಪೂರ್ತಿ ತುಂಬಿಸಿ ತರುವವರಿಗೂ ಅದನ್ನು ತೋರಿಸಲು ದಾರಿ ಇಲ್ಲ.

ಪರಿಹಾರ (0:28–0:45)

*ದೃಶ್ಯ: ಹಗಲು. ಸಂಪಿನ ಮುಚ್ಚಳ ಎತ್ತಿ, ಮುಚ್ಚಳದ ಅಡಿಯಲ್ಲಿ ಸ್ಕ್ರೂ ಮಾಡಿರುವ ಸೆನ್ಸರ್ ತೋರಿಸುವುದು. ಕ್ಯಾಮೆರಾ ವೈರ್ ಹಿಡಿದು ಮೋಟರ್ ಬೋರ್ಡ್‌ವರೆಗೆ ಹೋಗಲಿ.*

ಊರಿನ ಟ್ಯಾಂಕರ್‌ಗೆಲ್ಲ ಮೀಟರ್ ಹಾಕಿಸುವುದು ನಮ್ಮ ಕೈಲಿ ಆಗಲ್ಲ. ಆದರೆ ಸಂಪು ನಮ್ಮದೇ ಅಲ್ವಾ? ಅಲ್ಲೇ ಅಳೆಯೋಣ.

ಇದು ಸಂಪಳತೆ. ಸೆನ್ಸರ್ ಶಬ್ದದ ಅಲೆ ಕಳಿಸುತ್ತದೆ. ಅದು ನೀರಿಗೆ ಬಡಿದು ವಾಪಸ್ ಬರುವ ಹೊತ್ತು ನೋಡಿ ಮಟ್ಟ ಹೇಳುತ್ತದೆ. ನೆಲದಡಿ ಸಿಗ್ನಲ್ ಸಿಗಲ್ಲ, ಅದಕ್ಕೇ ಆಂಟೆನಾ ಮೇಲಿದೆ.

ಡೆಮೊ (0:45–1:30)

*ದೃಶ್ಯ: ಒಂದೇ ಕೋನ. ಎಡಕ್ಕೆ ಸಂಪು, ಬಲಕ್ಕೆ ಫೋನ್ ಪರದೆ. ಸಂಖ್ಯೆಗಳು ದೊಡ್ಡದಾಗಿ ಕಾಣಲಿ. ಗ್ರಾಫಿಕ್ಸ್ ಹಾಕಿದರೆ ಸುಮ್ನೆ ಅನುಮಾನ ಬರುತ್ತದೆ, ನಿಜವಾದ ಪರದೆಯೇ ಸಾಕು.*

ನಮ್ಮ ಬಿಲ್ಡಿಂಗಿನ ಸಂಪು 3 ಮೀಟರ್ ಉದ್ದ, 2 ಮೀಟರ್ ಅಗಲ. ನೀರು ಒಂದು ಸೆಂಟಿಮೀಟರ್ ಏರಿದರೆ 60 ಲೀಟರ್ ಬಂತು ಅಂತ ಅರ್ಥ.

ಟ್ಯಾಂಕರ್ ಬಂದಿದೆ. "ಶುರು" ಒತ್ತುತ್ತೇನೆ. ಆಪ್ ಎರಡು ಪ್ರಶ್ನೆ ಕೇಳುತ್ತದೆ. ಮೋಟರ್ ಆಫ್ ಮಾಡಿದ್ರಾ? ಕಾವೇರಿ ವಾಲ್ವ್ ಮುಚ್ಚಿದ್ರಾ? ಒಂದು ಮರೆತರೂ ಲೆಕ್ಕ ಕೆಡುತ್ತದೆ. ಈಗಿನ ಮಟ್ಟ 42 ಸೆಂಟಿಮೀಟರ್.

*ಕಟ್. ಪೈಪು ಹೊರಗೆ ಬಂದಿದೆ. ಪರದೆಯಲ್ಲಿ "ನೀರು ನಿಲ್ಲಲಿ".*

ನೀರು ಬಿಟ್ಟಾಯಿತು. ಆದರೆ ಇನ್ನೂ ಕುಲುಕುತ್ತಿದೆ, ಅದಕ್ಕೇ ಎರಡು ನಿಮಿಷ ಕಾಯುತ್ತದೆ. ನಾವು ಅಷ್ಟನ್ನು ಕತ್ತರಿಸಿದ್ದೇವೆ.

ಈಗ 131. ಏರಿದ್ದು 89 ಸೆಂಟಿಮೀಟರ್. ಅಂದರೆ 5,340 ಲೀಟರ್. ಹೇಳಿದ್ದಕ್ಕಿಂತ 660 ಲೀಟರ್ ಕಡಿಮೆ.

ಸೆನ್ಸರ್ ತಪ್ಪಿರಬಹುದಲ್ಲ? ಪ್ರತಿ ಸಲ ಒಂದು ಸೆಂಟಿಮೀಟರ್ ಆಚೀಚೆ ಆಗಬಹುದು. ಎರಡು ಸಲ ಅಳೆದಿದ್ದೇವೆ, ಅಂದರೆ ಹೆಚ್ಚೆಂದರೆ 120 ಲೀಟರ್. 660 ಆಗಲ್ಲ.

*ಪರದೆ: ಚೀಟಿ ವಾಟ್ಸಾಪ್‌ನಲ್ಲಿ ಹೋಗುತ್ತದೆ.*

ಚೀಟಿ ಸಂಘದ ಗ್ರೂಪ್‌ಗೂ ಹೋಯಿತು, ಡ್ರೈವರ್ ಅಣ್ಣನಿಗೂ ಹೋಯಿತು.

ಕೇಳುವುದು (1:30–2:00)

*ದೃಶ್ಯ: ಇಬ್ಬರೂ ಮೋಟರ್ ಬೋರ್ಡ್ ಪಕ್ಕ ನಿಂತು ನೇರವಾಗಿ ಕ್ಯಾಮೆರಾ ನೋಡುವುದು.*

ಸರ್ಕ್ಯೂಟ್ ನನ್ನದು, ಆಪ್ ಇವರದು. ನಮಗೆ 18 ಲಕ್ಷ ಬೇಕು, ಬದಲಿಗೆ ನೂರಕ್ಕೆ ಆರು ಪಾಲು. ಒಂದು ಬಾಕ್ಸ್ ಮಾಡಲು 3,400 ರೂಪಾಯಿ ಬೀಳುತ್ತದೆ, 4,500ಕ್ಕೆ ಮಾರುತ್ತೇವೆ. ಮೊದಲು 150 ಸಂಪುಗಳಿಗೆ ಕೂರಿಸುತ್ತೇವೆ. ಅದಕ್ಕೆ 5 ಲಕ್ಷದ ಮೇಲೆ ಸ್ವಲ್ಪ. ಉಳಿದದ್ದು ಒಂದು ವರ್ಷದ ಸಂಬಳಕ್ಕೆ ಮತ್ತು ಪರೀಕ್ಷೆಗೆ.

ಪರೀಕ್ಷೆ ಯಾಕೆಂದರೆ, ಈ ಅಳತೆಯ ಮೇಲೆ ಬಿಲ್ ಹಾಕಬೇಕಾದರೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಬೇಕು. ಅಲ್ಲಿಯವರೆಗೆ ಇದು ಮನೆಯವರ ಕೈಲಿರುವ ಲೆಕ್ಕ ಅಷ್ಟೇ.

ಇನ್ನೊಂದು ಕೇಳಬೇಕು. ನಿಮಗೆ ಪರಿಚಯದ ಅಪಾರ್ಟ್‌ಮೆಂಟ್ ಸಂಘ ಇದ್ದರೆ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಮಾರ್ಚ್ ಬಂದರೆ ಟ್ಯಾಂಕರ್ ಜಾಸ್ತಿ ಆಗುತ್ತದೆ, ಫೆಬ್ರವರಿ ಒಳಗೆ ಬಾಕ್ಸ್‌ಗಳನ್ನು ಕೂರಿಸಬೇಕು.