ಮೂರನೇ ತ್ರೈಮಾಸಿಕದ ಆಕ್ಸೆಸ್ ರಿವ್ಯೂ: ಸಿಕ್ಕಿದ್ದೇನು, ನಿಮ್ಮಿಂದ ಬೇಕಾದದ್ದೇನು

ಯಾರಿಗೆ: ಎಲ್ಲ ಟೀಮ್ ಮ್ಯಾನೇಜರ್‌ಗಳು ಮತ್ತು ಸಿಸ್ಟಮ್‌ಗಳ ಹೊಣೆ ಹೊತ್ತವರು
ಯಾರಿಂದ: ಐಟಿ ಸೆಕ್ಯುರಿಟಿ
ಅವಧಿ: ಜುಲೈ 1ರಿಂದ ಸೆಪ್ಟೆಂಬರ್ 30
ಉತ್ತರಕ್ಕೆ ಕೊನೆಯ ದಿನ: ಅಕ್ಟೋಬರ್ 17, ಸಂಜೆ 6

ಎಲ್ಲರಿಗೂ ನಮಸ್ಕಾರ.

ಹೋದ ಸಲದ ರಿವ್ಯೂ ಬಗ್ಗೆ ಮೊದಲು ಹೇಳಿಬಿಡುತ್ತೇನೆ. 412 ಸಾಲುಗಳ ಶೀಟ್ ಕಳಿಸಿದ್ದೆವು, 409ಕ್ಕೆ ‘ಇರಲಿ’ ಅಂತ ಉತ್ತರ ಬಂತು. ಒಬ್ಬರಂತೂ 140 ಸಾಲುಗಳನ್ನು ಆರೇ ನಿಮಿಷದಲ್ಲಿ ಮುಗಿಸಿದ್ದರು. ಇದರಲ್ಲಿ ನಮ್ಮ ತಪ್ಪೇ ಜಾಸ್ತಿ. `fin-grp-rw-02` ಅನ್ನುವ ಪರ್ಮಿಷನ್ ಬೇಕಾ ಬೇಡವಾ ಅಂತ ಕೇಳಿದರೆ ಯಾರು ತಾನೇ ಏನು ಹೇಳಿಯಾರು? ಗೊತ್ತಿಲ್ಲದ್ದನ್ನು ತೆಗೆದು ಕೆಲಸ ನಿಲ್ಲಿಸುವುದಕ್ಕಿಂತ ಸುಮ್ನೆ ‘ಇರಲಿ’ ಅನ್ನುವುದು ಸುಲಭ.

ಅದಕ್ಕೇ ಈ ಸಲ ಪ್ರತಿ ಸಾಲಿನಲ್ಲೂ ಆ ಪರ್ಮಿಷನ್ ಇದ್ದವರು ಏನು ಮಾಡಬಹುದು ಅಂತ ಸರಳವಾಗಿ ಬರೆದಿದ್ದೇವೆ. ಉದಾಹರಣೆಗೆ, ‘ಮಾರಾಟಗಾರರ ಬ್ಯಾಂಕ್ ವಿವರ ಬದಲಿಸಬಹುದು’. ಪಕ್ಕದಲ್ಲೇ ಕೊನೆಯ ಸಲ ಬಳಸಿದ ತಾರೀಖು ಇದೆ. ಪ್ರಶ್ನೆಯೂ ಬದಲಾಗಿದೆ. ‘ಇದು ಇವರಿಗೆ ಬೇಕಾ?’ ಅಂತ ಕೇಳುತ್ತಿಲ್ಲ. ‘ಈ ಮೂರು ತಿಂಗಳಲ್ಲಿ ಇದರಿಂದ ಇವರು ಯಾವ ಕೆಲಸ ಮಾಡಿದರು?’ ಅಂತ ಕೇಳುತ್ತಿದ್ದೇವೆ.

ಬಿಟ್ಟು ಹೋದವರ ಅಕೌಂಟ್‌ಗಳು

ಸೆಪ್ಟೆಂಬರ್ 30ಕ್ಕೆ ಎಚ್‌ಆರ್ ಪಟ್ಟಿಯಲ್ಲಿ, ಗುತ್ತಿಗೆಯವರೂ ಸೇರಿ, 187 ಜನ ಇದ್ದರು. ಹೋದ ವರ್ಷ ಇದೇ ಹೊತ್ತಿಗೆ 74. ಆದರೆ ಲಾಗಿನ್ ವ್ಯವಸ್ಥೆಯಲ್ಲಿ ಚಾಲೂ ಇದ್ದ ಅಕೌಂಟ್‌ಗಳು 214. ಹೆಚ್ಚಿದ್ದ 27ನ್ನು ಒಂದೊಂದಾಗಿ ನೋಡಿದೆವು. 9 ಕೆಲಸ ಬಿಟ್ಟವರದ್ದು, 11 ಗುತ್ತಿಗೆ ಮುಗಿದವರದ್ದು, 4 ಹೆಸರಿನ ಸ್ಪೆಲಿಂಗ್ ಬದಲಾಗಿ ಒಬ್ಬರಿಗೇ ಎರಡಾದದ್ದು, 3 ಹಂಚಿಕೊಂಡ ಮೇಲ್‌ಬಾಕ್ಸ್‌ಗಳು. ಮೇಲ್‌ಬಾಕ್ಸ್ ಬಿಟ್ಟು ಉಳಿದ 24ನ್ನು ಅಕ್ಟೋಬರ್ 3ರಂದೇ ನಿಷ್ಕ್ರಿಯ ಮಾಡಿದ್ದೇವೆ. ಅಳಿಸಿಲ್ಲ. ಅಳಿಸಿದರೆ ಅವರ ಫೈಲ್‌ಗಳು, ಹಳೆಯ ದಾಖಲೆಗಳು ದಿಕ್ಕಿಲ್ಲದಂತಾಗುತ್ತವೆ. 30 ದಿನ ಕಾಯುತ್ತೇವೆ.

ಆ 9ರಲ್ಲಿ ಒಂದು ಅಕೌಂಟ್, ವ್ಯಕ್ತಿ ಹೋದ ನಾಲ್ಕು ದಿನದ ನಂತರವೂ ಲಾಗಿನ್ ತೋರಿಸುತ್ತಿತ್ತು. ಎದೆ ಧಸಕ್ಕೆಂದಿದ್ದು ನಿಜ. ಲಾಗ್ ತೆಗೆದು ನೋಡಿದರೆ, ಅವರ ಫೋನಿನ ಮೇಲ್ ಆ್ಯಪ್ ತಾನಾಗಿ ಮೇಲ್ ಎಳೆದುಕೊಳ್ಳುತ್ತಿತ್ತು, ಅಷ್ಟೇ. ಅಕೌಂಟ್ ಮುಚ್ಚುವಾಗ ಪಾಸ್‌ವರ್ಡ್ ಬದಲಿಸಿದರೆ ಸಾಲದು. ಚಾಲೂ ಇರುವ ಸೆಷನ್‌ಗಳನ್ನೂ ಕತ್ತರಿಸಬೇಕು. ಅದನ್ನು ನಮ್ಮ ಚೆಕ್‌ಲಿಸ್ಟ್‌ಗೆ ಸೇರಿಸಿದ್ದೇವೆ.

ಗುತ್ತಿಗೆಯವರ 11ಕ್ಕೂ ಒಂದೇ ಕಾರಣ. ಅಕೌಂಟ್ ತೆರೆಯುವಾಗ ಮುಕ್ತಾಯದ ತಾರೀಖು ಹಾಕಿರಲಿಲ್ಲ. ಇನ್ನು ಮುಂದೆ ತಾರೀಖು ಇಲ್ಲದ ಅರ್ಜಿಯನ್ನು ತೆಗೆದುಕೊಳ್ಳುವುದಿಲ್ಲ.

ನಮ್ಮ ಆರು ಆ್ಯಪ್‌ಗಳು ಈ ಲಾಗಿನ್ ವ್ಯವಸ್ಥೆಯ ಹೊರಗಿವೆ. ಇಲ್ಲಿ ಮುಚ್ಚಿದರೂ ಅಲ್ಲಿ ಬಾಗಿಲು ತೆರೆದೇ ಇರುತ್ತದೆ. ಕೋಡ್ ಇಡುವ ಜಾಗ ಮತ್ತು ಡಿಸೈನ್ ಟೂಲ್‌ನಲ್ಲಿ ಹೀಗೆ ಇನ್ನೂ 14 ಸಿಕ್ಕವು. ಎಲ್ಲವನ್ನೂ ತೆಗೆದಾಗಿದೆ.

ಟೀಮ್ ಬದಲಿಸಿದವರು

ನನ್ನ ಲೆಕ್ಕದಲ್ಲಿ ಬಿಟ್ಟು ಹೋದವರಿಗಿಂತ ದೊಡ್ಡ ತಲೆನೋವು ಇದು. ಹೋದವರ ಹೆಸರು ಯಾವುದಾದರೂ ಪಟ್ಟಿಯಲ್ಲಿ ಕಾಣುತ್ತದೆ. ಒಳಗೇ ಜಾಗ ಬದಲಿಸಿದವರದ್ದು ಕಾಣುವುದಿಲ್ಲ. ಹೊಸ ಟೀಮಿನ ಪರ್ಮಿಷನ್ ಮೊದಲ ದಿನವೇ ಬೇಕು, ಇಲ್ಲದಿದ್ದರೆ ಫೋನ್ ಬರುತ್ತದೆ. ಹಳೆಯದನ್ನು ತೆಗೆಯಿರಿ ಅಂತ ಯಾರೂ ಫೋನ್ ಮಾಡುವುದಿಲ್ಲ, ಅಲ್ವಾ?

ಒಂದು ವರ್ಷದಲ್ಲಿ 31 ಜನ ಟೀಮ್ ಬದಲಿಸಿದ್ದಾರೆ. 23 ಜನರ ಬಳಿ ಹಳೆಯದೂ ಹಾಗೇ ಉಳಿದಿದೆ. ಒಂದು ಪ್ರಕರಣ ಹೇಳುತ್ತೇನೆ. ಒಬ್ಬರು ಗ್ರಾಹಕ ಸೇವೆಯಲ್ಲಿ ಸೇರಿದರು, ಅಲ್ಲಿಂದ ಖರೀದಿ ವಿಭಾಗಕ್ಕೆ ಹೋದರು, ಈಗ ಲೆಕ್ಕಪತ್ರದಲ್ಲಿದ್ದಾರೆ. ಖರೀದಿಯಲ್ಲಿದ್ದಾಗ ಹೊಸ ಮಾರಾಟಗಾರರನ್ನು ಸೇರಿಸುವ ಹಕ್ಕು ಬಂತು. ಲೆಕ್ಕಪತ್ರದಲ್ಲಿ ಪಾವತಿಗೆ ಒಪ್ಪಿಗೆ ಕೊಡುವ ಹಕ್ಕು ಬಂತು. ಬೇರೆ ಬೇರೆಯಾಗಿ ಎರಡೂ ಸರಿಯೇ. ಒಟ್ಟಿಗೆ ಬಂದಾಗ, ಒಬ್ಬರೇ ಒಂದು ಹೆಸರು ಸೇರಿಸಿ ಅದಕ್ಕೆ ತಾವೇ ಹಣ ಕಳಿಸಬಹುದು. ಅವರು ಹಾಗೇನೂ ಮಾಡಿಲ್ಲ. ಕೇಳಿದಾಗ ‘ಅದು ಇನ್ನೂ ನನ್ನ ಬಳಿ ಇದೆಯಾ?’ ಅಂದರು. ಆದರೆ ಅವರ ಪಾಸ್‌ವರ್ಡ್ ಬೇರೆಯವರಿಗೆ ಸಿಕ್ಕಿದ್ದರೆ? ಇಂಥ ಜೋಡಿಗಳು ಶೀಟ್‌ನಲ್ಲಿ ಕೆಂಪು ಬಣ್ಣದಲ್ಲಿವೆ. ಮೊದಲು ಅವನ್ನೇ ನೋಡಿ.

ಅಡ್ಮಿನ್‌ಗಳು

ಕ್ಲೌಡ್‌ನಲ್ಲಿ ಪೂರ್ತಿ ಅಡ್ಮಿನ್ ಹಕ್ಕು ಇದ್ದವರು 17 ಜನ. ಐದು ಜನರಿಗೆ ಸಾಕು. ಉಳಿದ 12 ಜನರಿಗೆ ಫೆಬ್ರವರಿಯಲ್ಲಿ ಸರ್ವಿಸ್ ಬಿದ್ದ ರಾತ್ರಿ ‘ಸದ್ಯಕ್ಕೆ’ ಅಂತ ಕೊಟ್ಟದ್ದು. ಆ ಸದ್ಯ ಎಂಟು ತಿಂಗಳಾದರೂ ಮುಗಿದಿಲ್ಲ. ಅಕ್ಟೋಬರ್ 10ಕ್ಕೆ ಈ 12 ಇಳಿಯುತ್ತವೆ. ತುರ್ತು ಬಂದರೆ ಎಂಟು ಗಂಟೆಗೆ ಮಾತ್ರ ಸಿಗುವ ಹಕ್ಕು ಕೇಳಬಹುದು, ಅದು ತಾನಾಗಿ ಮುಗಿಯುತ್ತದೆ.

ಮನುಷ್ಯರದ್ದಲ್ಲದ ಅಕೌಂಟ್‌ಗಳು

ಸ್ಕ್ರಿಪ್ಟ್‌ಗಳು ಬಳಸುವ ಸರ್ವಿಸ್ ಅಕೌಂಟ್‌ಗಳು 38 ಇವೆ. 12ಕ್ಕೆ ಯಾರು ಹೊಣೆ ಅಂತ ಗೊತ್ತಿಲ್ಲ. ಎಡಬ್ಲ್ಯೂಎಸ್ ಕೀಗಳನ್ನು ಹೀಗೆ ತೆಗೆದೆವು:

```
aws iam generate-credential-report
aws iam get-credential-report --query Content \
  --output text | base64 -d > report.csv
```

`access_key_1_last_used_date` ಕಾಲಮ್ ನೋಡಿ. ಅದೇ ಸಾಲಿನ `access_key_1_active` `true` ಇದ್ದೂ ಇಲ್ಲಿ `N/A` ಅಂತಿದ್ದರೆ, ಆ ಕೀ ಬಳಕೆಯ ದಾಖಲೆಯೇ ಇಲ್ಲ. ಪೋಸ್ಟ್‌ಗ್ರೆಸ್ ಕೊನೆಯ ಲಾಗಿನ್ ತಾರೀಖನ್ನು ತಾನಾಗಿ ಇಟ್ಟುಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ `log_connections` ಚಾಲೂ ಮಾಡಿ ಲಾಗ್‌ನಿಂದಲೇ ಹುಡುಕಬೇಕಾಯಿತು.

ಇಲ್ಲಿ ನನ್ನದೊಂದು ಎಡವಟ್ಟು ಒಪ್ಪಿಕೊಳ್ಳಬೇಕು. ಜೂನ್‌ನಲ್ಲಿ 90 ದಿನ ಬಳಸದ ಒಂದು ಕೀಯನ್ನು ಯಾರನ್ನೂ ಕೇಳದೆ ನಿಲ್ಲಿಸಿದೆ. ಅದು ಆರು ತಿಂಗಳಿಗೊಮ್ಮೆ ಮಾತ್ರ ಓಡುವ ವರದಿಯದ್ದು. ಜುಲೈ 1ರ ಬೆಳಿಗ್ಗೆ ಲೆಕ್ಕಪತ್ರದವರು ಖಾಲಿ ಹಾಳೆ ಹಿಡಿದು ನನ್ನ ಮುಂದೆ ನಿಂತಿದ್ದರು. ನಿಲ್ಲಿಸಿದ್ದೆ ಅಷ್ಟೇ, ಅಳಿಸಿರಲಿಲ್ಲ. ಹತ್ತು ನಿಮಿಷದಲ್ಲಿ ಸರಿಹೋಯಿತು. ಜನರ ಅಕೌಂಟ್‌ಗೆ 90 ದಿನದ ಮಿತಿ ಸರಿ. ಕಾರ್ಡ್ ಪಾವತಿಯ ಪಿಸಿಐ ಡಿಎಸ್‌ಎಸ್ ನಿಯಮವೂ ಅದನ್ನೇ ಹೇಳುತ್ತದೆ. ಸರ್ವಿಸ್ ಅಕೌಂಟ್‌ಗೆ ಮಾತ್ರ ಹೊಣೆಗಾರರನ್ನು ಹುಡುಕಿ, ಅವರನ್ನು ಕೇಳಿಯೇ ಮುಟ್ಟುತ್ತೇವೆ. ಈ 12ರಲ್ಲಿ ನಿಮ್ಮದೇನಾದರೂ ಇದ್ದರೆ ಶೀಟ್‌ನ ಎರಡನೇ ಪುಟದಲ್ಲಿ ನಿಮ್ಮ ಹೆಸರು ಬರೆಯಿರಿ.

ಉತ್ತರ ಹೇಗೆ ಬರೆಯಬೇಕು

‘ಇರಲಿ’, ‘ಕಡಿಮೆ ಮಾಡಿ’, ‘ತೆಗೆಯಿರಿ’ ಇವುಗಳಲ್ಲಿ ಒಂದು. ‘ಇರಲಿ’ ಅಂದರೆ ಒಂದು ಸಾಲು ಕಾರಣ ಬೇಕು. ‘ಕೆಲಸಕ್ಕೆ ಬೇಕು’ ಅನ್ನುವುದು ಕಾರಣವಲ್ಲ. ‘ಪ್ರತಿ ಸೋಮವಾರ ರೀಫಂಡ್ ಪಟ್ಟಿ ಇಳಿಸಿಕೊಳ್ಳುತ್ತಾರೆ’ ಅನ್ನುವುದು ಕಾರಣ. ಗೊತ್ತಿಲ್ಲದಿದ್ದರೆ ಆ ವ್ಯಕ್ತಿಯನ್ನೇ ಕೇಳಿ, ನಾಚಿಕೆ ಬೇಡ. ನಿಮ್ಮ ಸ್ವಂತ ಸಾಲಿಗೆ ನೀವೇ ಉತ್ತರ ಬರೆಯುವಂತಿಲ್ಲ, ಅದು ನಿಮ್ಮ ಮೇಲಿನವರಿಗೆ ಹೋಗುತ್ತದೆ. ನನ್ನ ಮತ್ತು ನನ್ನ ಟೀಮಿನ ಹಕ್ಕುಗಳನ್ನು ಎಂಜಿನಿಯರಿಂಗ್ ಮುಖ್ಯಸ್ಥರು ನೋಡುತ್ತಾರೆ.

ಜನರ ಅಕೌಂಟ್‌ಗಳ ಸಾಲುಗಳಲ್ಲಿ 17ರ ಸಂಜೆಗೆ ಉತ್ತರ ಬಾರದವನ್ನು 20ರ ಬೆಳಿಗ್ಗೆ 10ಕ್ಕೆ ನಿಷ್ಕ್ರಿಯ ಮಾಡುತ್ತೇವೆ. ತಿಂಗಳ ಕೊನೆಯ ಲೆಕ್ಕದ ಹೊತ್ತಿಗೆ ಬೇಡ ಅಂತಲೇ ಆ ದಿನ ಆರಿಸಿದ್ದು. ರಜೆಯಲ್ಲಿರುವ ಮ್ಯಾನೇಜರ್‌ಗಳು ತಮ್ಮ ಬದಲಿಗೆ ಯಾರು ಅಂತ ಇದೇ 8ರೊಳಗೆ ತಿಳಿಸಿ. ತಪ್ಪಾಗಿ ಏನಾದರೂ ನಿಂತರೆ ಹೆಲ್ಪ್‌ಡೆಸ್ಕ್‌ಗೆ ‘ಆಕ್ಸೆಸ್ ರಿವ್ಯೂ’ ಅಂತ ವಿಷಯ ಹಾಕಿ ಟಿಕೆಟ್ ಹಾಕಿ. ಆ ವಾರ ಇಬ್ಬರು ಆ ಟಿಕೆಟ್‌ಗಳಿಗಾಗಿಯೇ ಕೂತಿರುತ್ತಾರೆ.